ನೆಂಟರು ಎಂಟು, ಹಂಚು ಒಂದು

ರೊಟ್ಟಿ ಊಟಕ್ಕೆ ಎಂಟು ಜನರನ್ನು ಕರೆಯುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಬೇಕು. ಕೈ ಪಳಗಿದವರು ಒಂದು ಹಂಚಿನ ಮುಂದೆ ಕೂತರೆ ಎರಡು ನಿಮಿಷಕ್ಕೊಂದು ರೊಟ್ಟಿ ಇಳಿಯುತ್ತದೆ. ಹಂಚಿನ ಮೇಲೊಂದು ಬೇಯುತ್ತಿರುವಾಗ ಕೈಯಲ್ಲಿ ಇನ್ನೊಂದನ್ನು ಬಡಿಯುತ್ತಿದ್ದರೆ ಮಾತ್ರ ಈ ವೇಗ. ಊಟಕ್ಕೆ ಕೂತವರು ಒಂದು ರೊಟ್ಟಿ ತಿನ್ನಲು ಏಳೆಂಟು ನಿಮಿಷ ತೆಗೆದುಕೊಳ್ಳುತ್ತಾರೆ. ಅಂದರೆ ಎಂಟು ಜನ ಎಂಟು ನಿಮಿಷದಲ್ಲಿ ಎಂಟು ರೊಟ್ಟಿ ಮುಗಿಸಿ ತಲೆಯೆತ್ತಿ ನೋಡುವ ಹೊತ್ತಿಗೆ ಒಳಗೆ ತಯಾರಾಗಿರುವುದು ನಾಲ್ಕೇ. ಇಲ್ಲಿಂದ ಊಟ ಹದಗೆಡುತ್ತದೆ. ಒಳಗೆ ರೊಟ್ಟಿ ಬಡಿಯುವವರಿಗೆ ಗಾಬರಿ, ಅವಸರಕ್ಕೆ ರೊಟ್ಟಿ ದಪ್ಪ, ಅಂಚು ಬಿರುಕು, ನಡುವೆ ಹಸಿ. ಹೊರಗೆ ಕೂತವರು ಬರಿಗೈಯಲ್ಲಿ ಚಟ್ನಿ ನೆಕ್ಕುತ್ತಾ ಕೂತಿರುತ್ತಾರೆ.

ಅಕ್ಕಿ ಊಟದಲ್ಲಿ ಈ ತೊಂದರೆ ಇಲ್ಲ. ಅನ್ನ ಒಮ್ಮೆ ಬೆಂದರೆ ಎಲ್ಲರಿಗೂ ಬೆಂದಂತೆ. ಚಪಾತಿಯನ್ನೂ ಮೊದಲೇ ಮಾಡಿ ಡಬ್ಬಿಯಲ್ಲಿಡಬಹುದು, ಮೆತ್ತಗಿರುತ್ತದೆ. ಬಿಸಿ ಜೋಳದ ರೊಟ್ಟಿಗೆ ಮಾತ್ರ ಆಯುಷ್ಯ ಕಡಿಮೆ. ಬಟ್ಟೆ ಸುತ್ತಿಟ್ಟರೆ ಇಪ್ಪತ್ತು ನಿಮಿಷ ಮೆತ್ತಗಿರುತ್ತದೆ, ಆಮೇಲೆ ತೊಗಲಾಗುತ್ತದೆ. ಹಾಗಾಗಿ ಎಣ್ಣೆಗಾಯಿ, ಚಟ್ನಿ, ಮೊಸರು, ಉಳ್ಳಾಗಡ್ಡಿ ಎಲ್ಲವೂ ರೊಟ್ಟಿಯ ಸುತ್ತ ಹೊಂದಿಕೊಳ್ಳಬೇಕು. ನೆಂಟರು ಕೂತ ಹೊತ್ತಿನಲ್ಲಿ ಒಲೆಯ ಮೇಲೆ ಹಂಚೊಂದು ಬಿಟ್ಟು ಬೇರೇನೂ ಇರಬಾರದು.

ಒಂದು ಮನೆಯನ್ನೇ ಇಟ್ಟುಕೊಂಡು ನೋಡೋಣ. ಧಾರವಾಡ, ಜನವರಿಯ ಭಾನುವಾರ, ಮಧ್ಯಾಹ್ನ ಒಂದು ಗಂಟೆಯ ಊಟ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳ ಆಫೀಸಿನ ಎಂಟು ಜನ ಬರುವವರಿದ್ದಾರೆ. ಮೂವರು ಕೇರಳದವರು, ಇಬ್ಬರು ಕೋಲ್ಕತ್ತದವರು, ಇಬ್ಬರು ದಿಲ್ಲಿ ಕಡೆಯವರು, ಒಬ್ಬಾಕೆ ಜರ್ಮನಿಯವಳು. ಅಡುಗೆಮನೆಯಲ್ಲಿ ತಾಯಿ ಮತ್ತು ಚಿಕ್ಕಮ್ಮ. ಮೇಲಿಂದ ಮೇಲೆ ಓಡಾಡಲು ಮಗಳು.

ಮೊದಲು ಮಗಳಿಗೆ ಒಂದು ಕೆಲಸ. ಎಲ್ಲರಿಗೂ ಫೋನ್ ಮಾಡಿ ಎರಡು ಮಾತು ಕೇಳಬೇಕು. ಶೇಂಗಾ, ಎಳ್ಳು ಮೈಗೆ ಆಗದವರು ಯಾರಾದರೂ ಇದ್ದಾರೆಯೇ? ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬದನೆಕಾಯಿ ಬಿಟ್ಟವರು ಇದ್ದಾರೆಯೇ? ಎರಡನೆಯದು ಸುಲಭ. ಜೈನರಿದ್ದರೆ ಬೆಳ್ಳುಳ್ಳಿಯಿಲ್ಲದ ಒಂದು ಚಟ್ನಿ, ಒಂದು ಹೆಸರುಕಾಳಿನ ಪಲ್ಯ ಪ್ರತ್ಯೇಕ ಮಾಡಿದರಾಯಿತು. ಮೊದಲನೆಯದು ಗಂಭೀರ. ಈ ಊಟದಲ್ಲಿ ಶೇಂಗಾ ಇಲ್ಲದ ಜಾಗವೇ ಕಡಿಮೆ. ಚಟ್ನಿಯಲ್ಲಿ ಶೇಂಗಾ, ಎಣ್ಣೆಗಾಯಿಯ ಹೂರಣದಲ್ಲಿ ಶೇಂಗಾ, ಬಹಳ ಮನೆಗಳಲ್ಲಿ ಒಗ್ಗರಣೆಯ ಎಣ್ಣೆಯೂ ಶೇಂಗಾದ್ದೇ. ಕೆಲವರಿಗೆ ಇದು ಬರೀ ಹೊಟ್ಟೆ ಕೆಡುವ ಮಾತಲ್ಲ, ಉಸಿರು ಕಟ್ಟುವ ಮಾತು. ಅಂಥವರು ಒಬ್ಬರಿದ್ದರೂ ಆ ದಿನ ಮನೆಯಲ್ಲಿ ಶೇಂಗಾ ಹುರಿಯಲೇಬಾರದು. ಎಣ್ಣೆಗಾಯಿಗೆ ಪುಟಾಣಿ, ಒಣ ಕೊಬ್ಬರಿ ಸಾಕು, ಎಣ್ಣೆ ಸೂರ್ಯಕಾಂತಿಯದು. ‘ಅವರ ತಾಟಿಗೆ ಬೇರೆ ಬಡಿಸಿದರಾಯಿತು’ ಎಂದು ಸುಮ್ಮನಾಗುವ ಹಾಗಿಲ್ಲ. ಒಂದೇ ಮಿಕ್ಸರ್ ಜಾರು, ಒಂದೇ ಚಮಚ ಎಲ್ಲ ಕಡೆ ಓಡಾಡಿರುತ್ತದೆ.

ನಮ್ಮ ಎಂಟು ಜನರಲ್ಲಿ ಅಂಥವರು ಯಾರೂ ಇಲ್ಲ ಎಂದುಕೊಂಡು ಮುಂದುವರಿಯೋಣ.

ಹಿಟ್ಟಿನ ಮಾತು ಮೊದಲು. ರೊಟ್ಟಿಗೆ ಹಿಂಗಾರಿ ಬಿಳಿಜೋಳ ಬೇಕು. ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆಯ ಕರಿ ಎರೆಮಣ್ಣಿನಲ್ಲಿ ಮಳೆಗಾಲ ಮುಗಿದ ಮೇಲೆ ಬಿತ್ತಿ, ನೆಲದ ತೇವ ಮತ್ತು ಇಬ್ಬನಿಯ ಮೇಲೇ ಬೆಳೆಯುವ ಜೋಳ ಅದು. ಅಂಗಡಿಯಲ್ಲಿ ಮಾಲದಂಡಿ ಎಂದು ಕೇಳಿದರೆ ಕೊಡುತ್ತಾರೆ. ಕಾಳು ದುಂಡಗೆ, ಮುತ್ತಿನ ಹೊಳಪು ಇರುತ್ತದೆ. ಮುಂಗಾರಿನ ಹೈಬ್ರಿಡ್ ಜೋಳ ಅಗ್ಗ, ಆದರೆ ಕಾಳು ಕಟ್ಟುವಾಗ ಮಳೆಗೆ ಸಿಕ್ಕಿ ಕಪ್ಪಾಗಿರುವುದುಂಟು. ಅದರ ರೊಟ್ಟಿಯ ಬಣ್ಣ ಮಂಕು, ರುಚಿ ಸಪ್ಪೆ.

ಜೋಳಕ್ಕಿಂತ ಮುಖ್ಯ ಅದನ್ನು ಬೀಸಿಸಿದ ದಿನ. ವಾರದೊಳಗೆ ಬೀಸಿಸಿದ ಹಿಟ್ಟಿಗೆ ಜಿಗಿ ಇರುತ್ತದೆ. ತಿಂಗಳು ದಾಟಿದ ಪ್ಯಾಕೆಟ್ ಹಿಟ್ಟಿನಲ್ಲಿ ಆ ಜಿಗಿ ಹೋಗಿರುತ್ತದೆ, ಸ್ವಲ್ಪ ಕಹಿಯೂ ಸೇರಿರುತ್ತದೆ. ಪರೀಕ್ಷೆ ಸುಲಭ. ಒಂದು ಹಿಡಿ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಉಂಡೆ ಮಾಡಿ, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ. ಅಂಚು ನುಣ್ಣಗಿದ್ದರೆ ಹಿಟ್ಟು ಸರಿಯಿದೆ. ಅಂಚಿಗೆ ಬಿರುಕು ಬಿಟ್ಟರೆ ಇನ್ನೊಂದು ಸ್ವಲ್ಪ ನೀರು ಹಾಕಿ ನಾದಿ ನೋಡಿ. ಆಗಲೂ ಬಿರುಕು ಬಿಟ್ಟರೆ ಹಿಟ್ಟು ಹಳೆಯದು. ಅದನ್ನು ಅಂಬಲಿಗೆ ಇಟ್ಟುಕೊಂಡು ನೆಂಟರಿಗೆ ಹೊಸದು ಬೀಸಿಸಿ. ಹಳೆ ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟು ಬೆರೆಸಿ ಕೆಲಸ ಸಾಗಿಸುವವರಿದ್ದಾರೆ. ರೊಟ್ಟಿ ಬಡಿಯಲು ಸಲೀಸಾಗುತ್ತದೆ ನಿಜ, ತಿನ್ನುವಾಗ ಮಾತ್ರ ಅದು ಅತ್ತ ಚಪಾತಿಯೂ ಅಲ್ಲ, ಇತ್ತ ರೊಟ್ಟಿಯೂ ಅಲ್ಲ. ಅದೂ ಅಲ್ಲದೆ ನೆಂಟರಲ್ಲಿ ಗೋಧಿ ತಿನ್ನಬಾರದವರು ಇದ್ದರೆ, ಜೋಳದ ರೊಟ್ಟಿ ಎಂಬ ಧೈರ್ಯದಲ್ಲಿ ತಿಂದುಬಿಡುತ್ತಾರೆ.

ಎಷ್ಟು ಹಿಟ್ಟು? ಗೇಣಗಲದ ತೆಳು ರೊಟ್ಟಿಗೆ ಸುಮಾರು 55 ಗ್ರಾಂ ಹಿಟ್ಟು ಹಿಡಿಯುತ್ತದೆ. ಹೊಲದಲ್ಲಿ ದುಡಿದು ಬಂದವರು ನಾಲ್ಕು ರೊಟ್ಟಿ ತಿನ್ನಬಹುದು. ಮೊದಲ ಸಲ ಜೋಳ ತಿನ್ನುವವರಿಗೆ ಎರಡಾದರೆ ಹೆಚ್ಚು. ಜೋಳ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಧಾನ್ಯ, ಒತ್ತಾಯ ಮಾಡಿ ಮೂರನೆಯದು ಹಾಕಿದರೆ ಸಂಜೆಯವರೆಗೆ ಹೊಟ್ಟೆ ಭಾರ. ನೆಂಟರಿಗೆ ಹದಿನಾರು, ಕೇಳಿ ಹಾಕಿಸಿಕೊಳ್ಳುವವರಿಗೆ ಆರು, ಆಮೇಲೆ ಮನೆಯವರಿಗೆ ಆರು. ಒಟ್ಟು 28 ರೊಟ್ಟಿಗೆ ಒಂದೂವರೆ ಕಿಲೋ ಹಿಟ್ಟು, ಬಡಿಯುವಾಗ ಉದುರಿಸಿಕೊಳ್ಳಲು ಇನ್ನೊಂದಿಷ್ಟು. ಎರಡು ಕಿಲೋ ಬೀಸಿಸಿದರೆ ನಿಶ್ಚಿಂತೆ.

ಇನ್ನು ಆ ಎಂಟು ನಿಮಿಷದ ತೊಡಕನ್ನು ಬಿಡಿಸುವುದು ಹೇಗೆ? ಖಾನಾವಳಿಗಳಲ್ಲಿ ಇದಕ್ಕೆ ಉತ್ತರ ಎರಡು ಮೂರು ಹಂಚು, ಅಷ್ಟೇ ಜನ ಹೆಂಗಸರು. ಮನೆಯಲ್ಲಿ ಉತ್ತರ ಖಡಕ್ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಒಣಗಿಸಿದ ಇದನ್ನು ವಾರದ ಮೊದಲೇ ಮಾಡಿಡಬಹುದು, ಇಲ್ಲವೇ ಧಾರವಾಡ, ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಮಾಡಿ ಮಾರುವವರಿಂದ ತರಬಹುದು. ತಾಟಿನಲ್ಲಿ ಮೊದಲೇ ಅರ್ಧ ಖಡಕ್ ರೊಟ್ಟಿ ಇದ್ದರೆ, ನೆಂಟರು ಅದನ್ನು ಮುರಿದು ಚಟ್ನಿ, ಮೊಸರಿನ ರುಚಿ ನೋಡುತ್ತಾ ಕೂಡುತ್ತಾರೆ, ಒಳಗಿನ ಕೈಗೆ ಪುರುಸೊತ್ತು ಸಿಗುತ್ತದೆ. ಎರಡನೆಯದು, ಊಟಕ್ಕೆ ಕೂಡುವ ಹದಿನಾರು ನಿಮಿಷ ಮೊದಲು ಬಡಿಯಲು ಶುರು ಮಾಡುವುದು. ಕೂಡುವ ಹೊತ್ತಿಗೆ ಬುಟ್ಟಿಯಲ್ಲಿ ಎಂಟು ರೊಟ್ಟಿ. ಮೂರನೆಯದು ಬಹಳ ಚಿಕ್ಕ ಉಪಾಯ: ಬಿಸಿ ರೊಟ್ಟಿಯನ್ನು ಇಡಿಯಾಗಿ ಬಡಿಸದೆ ಅರ್ಧರ್ಧ ಮಾಡಿ ಬಡಿಸುವುದು. ತಿನ್ನುವವರ ಕೈಯಲ್ಲಿರುವುದು ಯಾವಾಗಲೂ ಬಿಸಿಯಾಗಿರುತ್ತದೆ, ತಾಟಿನಲ್ಲಿ ಆರಿದ ಅರ್ಧ ಉಳಿದಿರುವುದಿಲ್ಲ. ಊಟ ಅರ್ಧ ಗಂಟೆ ನಡೆದರೆ ಅಷ್ಟರಲ್ಲಿ ಇನ್ನೂ ಹದಿನೈದು ರೊಟ್ಟಿ ಇಳಿಯುತ್ತವೆ. ಎಂಟಕ್ಕೆ ಹದಿನೈದು ಸೇರಿ ಇಪ್ಪತ್ತಮೂರು. ನಮಗೆ ಬೇಕಾಗಿದ್ದು ಇಪ್ಪತ್ತೆರಡು. ಒಂದೇ ಹಂಚು ಸಾಕಾಯಿತು.

ರೊಟ್ಟಿಯ ಕೆಲಸವನ್ನು ಹತ್ತಿರದಿಂದ ನೋಡಿದರೆ ಎಲ್ಲಿ ತಪ್ಪುತ್ತದೆ ಎಂಬುದೂ ಗೊತ್ತಾಗುತ್ತದೆ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಅಂಟು ಅದರಲ್ಲೇ ಇದೆ. ಜೋಳದಲ್ಲಿ ಆ ಅಂಟಿಲ್ಲ. ಅದಕ್ಕೇ ಎಸರು ಬೇಕು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಗಂಜಿ ಅಲ್ಲಲ್ಲಿ ಬೆಂದು ಅಂಟಾಗುತ್ತದೆ, ಉಳಿದ ಹಿಟ್ಟನ್ನು ಅದೇ ಹಿಡಿದುಕೊಳ್ಳುತ್ತದೆ. ಬೆಚ್ಚಗಿನ ನೀರು ಇದಕ್ಕೆ ಸಾಲದು, ಗಂಜಿ ಬೇಯಲು ಎಪ್ಪತ್ತು ಡಿಗ್ರಿಯಾದರೂ ಬೇಕು, ಹಿಟ್ಟು ತಣ್ಣಗಿರುವುದರಿಂದ ನೀರು ಕೊತಕೊತ ಕುದಿಯುತ್ತಿರಬೇಕು. ಪರಾತದಲ್ಲಿ ಹಿಟ್ಟಿನ ನಡುವೆ ಕುಳಿ ಮಾಡಿ, ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲಿನಷ್ಟು ಎಸರು ಸುರಿದು, ಚಮಚದಲ್ಲಿ ಕಲೆಸಿ, ಕೈ ತಡೆಯುವಷ್ಟು ಬಿಸಿಯಾದ ಕೂಡಲೇ ನಾದಬೇಕು. ಇಡೀ ಒಂದೂವರೆ ಕಿಲೋ ಒಮ್ಮೆಗೇ ನಾದಿಟ್ಟರೆ ಕೆಟ್ಟಿತು. ತಣ್ಣಗಾದ ಹಿಟ್ಟು ಬಿಗಿಯುತ್ತದೆ, ಬಿರುಕು ಬಿಡುತ್ತದೆ. ಐದಾರು ರೊಟ್ಟಿಗಾಗುವಷ್ಟು, ಅಂದರೆ 300 ಗ್ರಾಂ, ಒಂದು ಸಲಕ್ಕೆ ಸಾಕು. ಪಕ್ಕದ ಒಲೆಯಲ್ಲಿ ಎಸರು ಕುದಿಯುತ್ತಲೇ ಇರಲಿ. ತಾಯಿ ಬಡಿಯುತ್ತಿದ್ದರೆ ಚಿಕ್ಕಮ್ಮ ಮುಂದಿನ ಹಿಟ್ಟನ್ನು ನಾದಬೇಕು. ಎರಡು ನಿಮಿಷಕ್ಕೊಂದು ರೊಟ್ಟಿ ಎಂದು ಲೆಕ್ಕ ಹಾಕಿದ್ದು ಈ ಎರಡನೆಯ ಜೋಡಿ ಕೈಯನ್ನು ನಂಬಿಕೊಂಡೇ.

ಬಡಿಯುವಾಗ ರೊಟ್ಟಿಯ ಅಡಿಗೆ ಒಣ ಹಿಟ್ಟು, ಮೇಲೆ ಅಂಗೈ. ಪ್ರತಿ ಏಟಿಗೂ ರೊಟ್ಟಿ ತಾನೇ ಒಂದಿಷ್ಟು ತಿರುಗಬೇಕು. ತಿರುಗದೆ ನಿಂತರೆ ಅಡಿಯಲ್ಲಿ ಅಂಟಿದೆ ಎಂದು ಅರ್ಥ. ಒಣ ಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರುವಂತೆ ಹಂಚಿಗೆ ಹಾಕಿ, ತಕ್ಷಣ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಬೇಕು. ಈ ನೀರೇ ಮೇಲಿನ ಹಸಿ ಹಿಟ್ಟನ್ನು ತೊಳೆದು ಮೇಲ್ಪದರವನ್ನು ಬೇಯಿಸುವುದು. ಸವರಲು ತಡವಾದರೆ ಮೇಲೆ ಬಿಳಿ ಬಿಳಿ ಪುಡಿ ಉಳಿದು ರೊಟ್ಟಿ ಸೀಳುತ್ತದೆ. ನೀರಿನ ಹೊಳಪು ಆರಿ ಇನ್ನೂ ತೇವ ಇರುವಾಗಲೇ ಮಗುಚಬೇಕು. ಪೂರ್ತಿ ಒಣಗಿದ ಮೇಲೆ ಮಗುಚಿದರೆ ರೊಟ್ಟಿ ಉಬ್ಬುವುದಿಲ್ಲ. ಎರಡನೆಯ ಮಗ್ಗುಲು ಬೆಂದ ಮೇಲೆ ಉರಿಯ ಮೇಲೆ ಒಡ್ಡಿದರೆ ಒಳಗಿನ ಹಬೆಗೆ ಎರಡು ಪದರ ಬಿಟ್ಟುಕೊಂಡು ಉಬ್ಬುತ್ತದೆ. ಉಬ್ಬಿದ ರೊಟ್ಟಿಯಲ್ಲಿ ಹಸಿ ಉಳಿದಿರುವುದಿಲ್ಲ. ಮೊದಲ ರೊಟ್ಟಿ ಸಾಮಾನ್ಯವಾಗಿ ಕೆಡುತ್ತದೆ, ಹಂಚು ಕಾದಿರುವುದಿಲ್ಲ. ಅದನ್ನು ನೆಂಟರು ಬರುವ ಮೊದಲೇ ಹಾಕಿ ಮುಗಿಸಿರಬೇಕು.

ಇಳಿಸಿದ ರೊಟ್ಟಿಯನ್ನು ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ಹಬೆ ನೀರಾಗಿ ಕೆಳಗಿನ ರೊಟ್ಟಿ ನೆನೆಯುತ್ತದೆ. ಬಿದಿರಿನ ಬುಟ್ಟಿಗೆ ಹತ್ತಿ ಬಟ್ಟೆ ಹಾಸಿ ಅದರ ಸೆರಗನ್ನೇ ಮೇಲೆ ಮುಚ್ಚಬೇಕು. ನೀರು ಬಟ್ಟೆಗೆ ಹೋಗುತ್ತದೆ, ಬಿಸಿ ಉಳಿಯುತ್ತದೆ.

ಎಣ್ಣೆಗಾಯಿ ಇದಕ್ಕೆ ತೀರ ವಿರುದ್ಧ ಸ್ವಭಾವದ್ದು. ಮಾಡಿ ಎರಡು ತಾಸು ಬಿಟ್ಟರೆ ರುಚಿ ಹೆಚ್ಚುತ್ತದೆ. ಆದ್ದರಿಂದ ಹನ್ನೊಂದು ಗಂಟೆಗೇ ಅದನ್ನು ಒಲೆಯಿಂದ ಇಳಿಸಿಬಿಡಬೇಕು. ನೆಂಟರು, ಮನೆಯವರು ಸೇರಿ ಹನ್ನೊಂದು ಜನಕ್ಕೆ ಎರಡೆರಡು, ಮೇಲೊಂದೆರಡು ಎಂದು ಇಪ್ಪತ್ತನಾಲ್ಕು ಬದನೆ ಹಿಡಿಯಿರಿ. ಒಂದೊಂದು ಕೋಳಿಮೊಟ್ಟೆಗಿಂತ ದೊಡ್ಡದಿರಬಾರದು, ಆಗ ತೂಕ ಒಂದು ಕಿಲೋ ಆಸುಪಾಸು ಬರುತ್ತದೆ. ದೊಡ್ಡ ಬದನೆಯಲ್ಲಿ ಬೀಜ ಬಲಿತಿರುತ್ತದೆ, ಕಹಿ. ಕೈಗೆ ಹಗುರಾಗಿ, ಸಿಪ್ಪೆ ಮಿರುಗುತ್ತಾ, ತೊಟ್ಟು ಹಸಿರಾಗಿ, ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಏಳುವಂಥದ್ದು ಎಳೆಗಾಯಿ. ತೊಟ್ಟು ತೆಗೆಯಬೇಡಿ, ಅದೇ ಹಿಡಿಕೆ. ಬುಡದ ಕಡೆಯಿಂದ ಅಡ್ಡಡ್ಡ ಎರಡು ಸೀಳು ಕೊಟ್ಟು, ತೊಟ್ಟಿನ ಹತ್ತಿರ ಒಂದು ಬೆರಳಗಲ ಬಿಟ್ಟು, ಉಪ್ಪುನೀರಿನಲ್ಲಿ ಹಾಕಿಡಿ. ಕಪ್ಪಾಗುವುದಿಲ್ಲ, ಹುಳ ಇದ್ದರೆ ಅಲ್ಲೇ ಕಾಣುತ್ತದೆ.

ಹೂರಣಕ್ಕೆ 150 ಗ್ರಾಂ ಹುರಿದ ಶೇಂಗಾ, ಎರಡು ಹಿಡಿ ಗುರೆಳ್ಳು, ಒಂದು ಹಿಡಿ ಎಳ್ಳು, ಅರ್ಧ ಗಿಟುಕು ಒಣ ಕೊಬ್ಬರಿ. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು, ಏಕೆಂದರೆ ಹುರಿಯುವ ಹೊತ್ತು ಒಂದೇ ಅಲ್ಲ. ಶೇಂಗಾಕ್ಕೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಕಾದರೆ ಗುರೆಳ್ಳಿಗೆ ಎರಡೇ ನಿಮಿಷ. ಅದು ಮೊದಲೇ ಕಪ್ಪು, ಬಣ್ಣ ನೋಡಿ ತಿಳಿಯುವ ಹಾಗಿಲ್ಲ. ಚಟಪಟ ಸಿಡಿಯಲು ಶುರುವಾಗಿ ಘಮ ಬಂದ ಕೂಡಲೇ ಇಳಿಸಬೇಕು. ಅರ್ಧ ನಿಮಿಷ ಹೆಚ್ಚಾದರೂ ಇಡೀ ಹೂರಣ ಕಹಿ, ಬೆಲ್ಲ ಹಾಕಿದರೂ ಮುಚ್ಚುವುದಿಲ್ಲ. ಇವನ್ನೆಲ್ಲ ತರಿತರಿಯಾಗಿ ಪುಡಿ ಮಾಡಿ, ಹುರಿದ ಮೂರು ಉಳ್ಳಾಗಡ್ಡಿ, ಒಂದು ಗಡ್ಡೆ ಬೆಳ್ಳುಳ್ಳಿ, ನಿಂಬೆಹಣ್ಣಿನಷ್ಟು ಹುಣಸೆ, ಅಷ್ಟೇ ಬೆಲ್ಲ, ಕೊತ್ತಂಬರಿ, ಅರಿಶಿನ, ಉಪ್ಪು, ಮಸಾಲೆ ಖಾರ ಸೇರಿಸಿ, ಹಿಡಿದರೆ ಉಂಡೆಯಾಗುವಷ್ಟು ಗಟ್ಟಿ ಹೂರಣ ಮಾಡಿ ತುಂಬಿ.

ಖಾರದ ವಿಷಯದಲ್ಲಿ ಇಲ್ಲೊಂದು ತೀರ್ಮಾನ ಮಾಡಬೇಕು. ಪರ ಊರಿನವರಿಗೆಂದು ಖಾರವನ್ನೇ ತೆಗೆದ ಎಣ್ಣೆಗಾಯಿ ಪೇಲವ. ನಮ್ಮ ಅಳತೆಯಲ್ಲೇ ಖಾರ ಹಾಕಿದರೆ ಜರ್ಮನಿಯ ಹುಡುಗಿ ಎರಡನೇ ತುತ್ತಿಗೆ ಕಣ್ಣೊರೆಸಿಕೊಳ್ಳುತ್ತಾಳೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇಲ್ಲಿ ಕೈಹಿಡಿಯುತ್ತದೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಸುಕ್ಕುಮೈಯ ಮೆಣಸಿನಕಾಯಿಯಲ್ಲಿ ಬಣ್ಣ ಬಹಳ, ಉರಿ ಕಡಿಮೆ. ಹೂರಣಕ್ಕೆ ಬ್ಯಾಡಗಿಯ ಪುಡಿ ಮಾತ್ರ ಹಾಕಿ, ಗುಂಟೂರಿನದು ಬೇಡ. ಉರಿ ಬೇಕೆನ್ನುವವರಿಗೆ ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಖಾರವನ್ನು ಚಿಕ್ಕ ಬಟ್ಟಲಲ್ಲಿ ಬೇರೆ ಇಡಿ. ಖಾರ ಹೆಚ್ಚು ಕಡಿಮೆ ಮಾಡಿಕೊಳ್ಳುವ ಕೆಲಸ ತಾಟಿಗೆ ಬಂತು, ಅಡುಗೆಯವರ ತಲೆನೋವು ತಪ್ಪಿತು.

ದಪ್ಪ ತಳದ ಬೋಗುಣಿಯಲ್ಲಿ ಮುಕ್ಕಾಲು ಬಟ್ಟಲು ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು ಹಾಕಿ, ತುಂಬಿದ ಬದನೆಗಳನ್ನು ಒತ್ತೊತ್ತಾಗಿ ಜೋಡಿಸಿ. ಎಣ್ಣೆ ಕಡಿಮೆ ಮಾಡಲು ಹೋಗಬೇಡಿ, ಹೆಸರೇ ಎಣ್ಣೆಗಾಯಿ. ಸಿಪ್ಪೆಯ ಬಣ್ಣ ಕಂದು ಬರುವ ತನಕ ನಾಲ್ಕಾರು ಸಲ ಹೊರಳಿಸಿ, ಉಳಿದ ಹೂರಣವನ್ನು ಎರಡು ಬಟ್ಟಲು ಬಿಸಿ ನೀರಿನಲ್ಲಿ ಕದಡಿ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಬೆಂದಿದೆಯೋ ಇಲ್ಲವೋ ನೋಡಲು ಹೊಟ್ಟೆಗೆ ಚುಚ್ಚಬೇಡಿ, ಅದು ಬೇಗ ಬೇಯುತ್ತದೆ. ತೊಟ್ಟಿನ ಬುಡಕ್ಕೆ ಚುಚ್ಚಿ ನೋಡಿ. ಅಲ್ಲಿ ಚಾಕು ಸಲೀಸಾಗಿ ಇಳಿದು, ರಸದ ಮೇಲೆ ಕೆಂಪೆಣ್ಣೆ ತೇಲಿ ನಿಂತಿದ್ದರೆ ಆಯಿತು. ಕೇರಳದವರೂ ಕೋಲ್ಕತ್ತದವರೂ ಇರುವ ಪಂಕ್ತಿಯಲ್ಲಿ ರಸ ಒಂದಿಷ್ಟು ಹೆಚ್ಚೇ ಇರಲಿ. ಅನ್ನ ಉಂಡು ಬೆಳೆದವರಿಗೆ ಒಣ ಊಟ ಗಂಟಲಿಗೆ ಇಳಿಯುವುದಿಲ್ಲ, ರೊಟ್ಟಿಯನ್ನು ರಸದಲ್ಲಿ ನೆನೆಸಿಕೊಂಡು ತಿನ್ನುತ್ತಾರೆ. ಕಡೆಗೆ ಒಂದು ಹಿಡಿ ಅನ್ನ, ಸಾರು ಇದ್ದರೆ ಅವರ ಊಟ ಪೂರ್ಣ. ಅದಕ್ಕೂ ಮೀರಿ ಜುಣಕ, ಪುಂಡಿಪಲ್ಯ, ಹೋಳಿಗೆ ಎಂದು ಪಟ್ಟಿ ಬೆಳೆಸುವ ಆಸೆ ಉತ್ತರ ಕರ್ನಾಟಕದ ಮನೆಗಳಿಗೆ ಸಹಜ. ನನ್ನ ಮಟ್ಟಿಗೆ ಹೇಳುವುದಾದರೆ, ಬೇಡ. ಹತ್ತು ಪದಾರ್ಥ ಸೇರಿದ ತಾಟಿನಲ್ಲಿ ಬಿಸಿ ರೊಟ್ಟಿ ಆರುತ್ತಾ ಕೂಡುತ್ತದೆ, ಹೊಸಬರು ಏನನ್ನು ಯಾವುದಕ್ಕೆ ಹಚ್ಚಿಕೊಳ್ಳಬೇಕೆಂದು ತಿಳಿಯದೆ ನೋಡುತ್ತಾರೆ.

ಚಟ್ನಿಪುಡಿ ಮೂರು ಸಾಕು: ಶೇಂಗಾ, ಗುರೆಳ್ಳು, ಅಗಸಿ. ವಾರದ ಮೊದಲೇ ಮಾಡಿಡಬಹುದಾದ್ದು. ತಲಾ 150 ಗ್ರಾಂ ಮಾಡಿದರೆ ಊಟಕ್ಕೂ ಆಗಿ ಕಟ್ಟಿಕೊಡಲೂ ಉಳಿಯುತ್ತದೆ. ಶೇಂಗಾ ಚಟ್ನಿಯ ಗುಟ್ಟು ಕುಟ್ಟುವುದರಲ್ಲಿದೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಖಾರದಪುಡಿ, ಉಪ್ಪು ಒರಳಿನಲ್ಲಿ ಬಿದ್ದರೆ ಎಣ್ಣೆ ಬಿಟ್ಟುಕೊಂಡು ಹಿಡಿದರೆ ಮುದ್ದೆಯಾಗುವ, ಬಿಟ್ಟರೆ ಉದುರುವ ಹದಕ್ಕೆ ಬರುತ್ತದೆ. ಮಿಕ್ಸರಿನಲ್ಲಾದರೆ ಶೇಂಗಾ ಪೂರ್ತಿ ಆರಿರಬೇಕು, ಗುಂಡಿಯನ್ನು ಒತ್ತಿ ಒತ್ತಿ ಬಿಡಬೇಕು. ಒಂದೇ ಸಮನೆ ಓಡಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ಅಂಟಂಟು ಮುದ್ದೆಯಾಗುತ್ತದೆ. ಅಗಸಿ ಬೇಗ ಕಮಟು ಹಿಡಿಯುವ ಕಾಳು. ಪುಡಿ ಮಾಡಿದ ಎರಡು ವಾರದೊಳಗೆ ಮುಗಿಸಬೇಕು. ಹಳೆ ಎಣ್ಣೆಯ ವಾಸನೆ ಬಂದರೆ ನೆಂಟರ ತಾಟಿಗೆ ಹಾಕಬೇಡಿ.

ಪುಡಿಯನ್ನು ಒಣಗಿದ್ದ ಹಾಗೇ ಬಡಿಸಿ ಬಿಟ್ಟರೆ ಹೊಸಬರು ಉಪ್ಪಿನ ಹಾಗೆ ಚಿಟಿಕೆ ಚಿಟಿಕೆ ತಿನ್ನುತ್ತಾರೆ. ಶೇಂಗಾ ಚಟ್ನಿಗೆ ಮೊಸರು, ಗುರೆಳ್ಳಿಗೆ ಒಂದು ಚಮಚ ಹಸಿ ಶೇಂಗಾ ಎಣ್ಣೆ ಅಥವಾ ಕುಸುಬಿ ಎಣ್ಣೆ, ಅಗಸಿಗೆ ಬೆಣ್ಣೆ ಅಥವಾ ತುಪ್ಪ. ಹೇಳುವುದಕ್ಕಿಂತ ಕಲೆಸಿ ತೋರಿಸುವುದು ಸುಲಭ, ಮಗಳು ಮೊದಲು ತನ್ನ ತಾಟಿನಲ್ಲಿ ಮಾಡಲಿ.

ಮೊಸರು ಈ ಊಟದಲ್ಲಿ ಔಷಧವೂ ಹೌದು. ಖಾರ ಹತ್ತಿದಾಗ ನೀರು ಕುಡಿದರೆ ಉರಿ ಬಾಯಿ ತುಂಬ ಹರಡುತ್ತದೆ. ಮೆಣಸಿನಕಾಯಿಯ ಉರಿ ನೀರಿನಲ್ಲಿ ಕರಗುವಂಥದ್ದಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಲಿನ ಪ್ರೋಟೀನಿಗೂ ಅದನ್ನು ನಾಲಿಗೆಯಿಂದ ಬಿಡಿಸುವ ಗುಣವಿದೆ. ಆದ್ದರಿಂದ ಕೆನೆ ತೆಗೆಯದ ಹಾಲಿನ ಗಟ್ಟಿ ಮೊಸರೇ ಬೇಕು. ಹನ್ನೊಂದು ಜನಕ್ಕೆ ಎರಡು ಲೀಟರ್ ಹಾಲು. ಕಾಯಿಸಿ, ಬೆರಳು ಅದ್ದಿ ಹತ್ತು ಎಣಿಸುವಷ್ಟು ಬೆಚ್ಚಗಾದ ಮೇಲೆ ಎರಡು ಚಮಚ ಹೆಪ್ಪು ಹಾಕಿ ಕದಡಿ. ಧಾರವಾಡದ ಜನವರಿಯ ರಾತ್ರಿ ಚಳಿ ಇರುವುದರಿಂದ ಶನಿವಾರ ರಾತ್ರಿ ಒಂಬತ್ತಕ್ಕೇ ಹೆಪ್ಪು ಹಾಕಿ ಪಾತ್ರೆಗೆ ದಪ್ಪ ಬಟ್ಟೆ ಸುತ್ತಬೇಕು, ಬೆಳಗ್ಗೆ ಏಳಕ್ಕೆ ಹೆಪ್ಪುಗಟ್ಟಿರುತ್ತದೆ. ಕೂಡಲೇ ಫ್ರಿಜ್‌ಗೆ ಹೋಗಲಿ, ಇಲ್ಲವಾದರೆ ಮಧ್ಯಾಹ್ನದ ಹೊತ್ತಿಗೆ ಹುಳಿ. ಬೇಸಿಗೆಯಲ್ಲಾದರೆ ಐದಾರು ತಾಸೇ ಸಾಕು, ನಸುಕಿಗೆದ್ದು ಹೆಪ್ಪು ಹಾಕಬೇಕು. ಕೂಡುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದು, ಕಡೆಯದೆ, ಚಮಚದಲ್ಲಿ ಗಡ್ಡೆ ಗಡ್ಡೆಯಾಗಿ ಬಟ್ಟಲಿಗೆ ಬಡಿಸಿ. ತಾಟಿಗೇ ಸುರಿದರೆ ಹರಿದು ಖಡಕ್ ರೊಟ್ಟಿಯನ್ನು ನೆನೆಸುತ್ತದೆ.

ಉಳ್ಳಾಗಡ್ಡಿಯ ಕೆಲಸ ಕಟ್ಟಕಡೆಯದು. ಕೊಯ್ದ ಕೂಡಲೇ ಅದರ ಘಾಟು ಹುಟ್ಟುತ್ತದೆ, ಬೆಳಗ್ಗೆಯೇ ಕೊಯ್ದಿಟ್ಟರೆ ಮಧ್ಯಾಹ್ನಕ್ಕೆ ಮನೆಯೆಲ್ಲ ವಾಸನೆ, ತಿನ್ನಲು ಕಹಿ. ಊಟಕ್ಕೆ ಇಪ್ಪತ್ತು ನಿಮಿಷ ಇರುವಾಗ ಆರು ಗಡ್ಡೆಯನ್ನು ತೆಳು ಬಿಲ್ಲೆಯಾಗಿ ಕೊಯ್ದು ತಣ್ಣೀರಿನಲ್ಲಿ ಹತ್ತು ನಿಮಿಷ ಬಿಟ್ಟು ಬಸಿದರೆ ಘಾಟು ಕಳೆದು ಕುರುಕಲು ಉಳಿಯುತ್ತದೆ. ಹಸಿ ಉಳ್ಳಾಗಡ್ಡಿ ರೂಢಿಯಿಲ್ಲದವರಿಗೆ ಇದು. ದಿಲ್ಲಿ ಕಡೆಯವರಿಗೆ ಇದರ ಪರಿಚಯ ಚೆನ್ನಾಗಿರುತ್ತದೆ. ಅವರ ಮುಂದೆ ಇಡೀ ಗಡ್ಡೆಯೊಂದನ್ನು ಮಣೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು, ನಡುವಿನ ಸಿಹಿ ತಿರುಳನ್ನು ತೆಗೆದು ಕೊಡಬಹುದು. ಜೊತೆಗೆ ಎಳೆ ಮೆಂತ್ಯ ಸೊಪ್ಪು, ಗಜ್ಜರಿ, ಸೌತೆಕಾಯಿ ಜನವರಿಯಲ್ಲಿ ಧಾರವಾಡದ ಸಂತೆಯಲ್ಲಿ ಬೇಕಾದಷ್ಟು.

ಹನ್ನೆರಡೂ ಮುಕ್ಕಾಲಿಗೆ ಹಂಚು ಕಾದಿದೆ. ಎಣ್ಣೆಗಾಯಿ ತಣ್ಣಗಾಗಿದ್ದರೆ ಈಗ ಎರಡನೇ ಒಲೆಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ ಇಳಿಸಿ, ಆ ಒಲೆಗೆ ಎಸರು ಏರಿಸಿ. ಊಟದ ಮೇಜು ಅಡುಗೆಮನೆಯಿಂದ ದೂರವಿದ್ದರೆ, ಚಾಪೆ ಹಾಸಿ ಅಡುಗೆಮನೆಯ ಬಾಗಿಲ ಹತ್ತಿರವೇ ಕೂರಿಸಿ. ಮೊದಲ ಬಿಸಿ ಅರ್ಧ ರೊಟ್ಟಿ ಬಿದ್ದಾಗ ಹೊಸಬರು ಅದನ್ನು ಎರಡೂ ಕೈಯಲ್ಲಿ ಹಿಡಿದು ಚಪಾತಿಯ ಹಾಗೆ ಮಡಚಲು ನೋಡುತ್ತಾರೆ, ಅದು ಮುರಿದು ಬೀಳುತ್ತದೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತು, ‘ಮಡಚಬ್ಯಾಡ್ರಿ, ಮುರೀರಿ. ಸಣ್ಣ ತುಣುಕ ಮುರದು, ಅದರ ಮ್ಯಾಲ ಬದನಿಕಾಯಿ ಇಟಗೊಳ್ರಿ’ ಎನ್ನುತ್ತಾಳೆ. ಮಗಳು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅವರು ನೋಡಿಯೇ ಕಲಿತಿರುತ್ತಾರೆ. ‘ಬಿಸಿ ಇದ್ದಾಗ ತಿನ್ರಿ, ಮಾತು ಆಮ್ಯಾಲ’ ಎಂಬುದನ್ನು ಮಾತ್ರ ಆಕೆ ಬಿಡದೆ ಹೇಳುತ್ತಿರಬೇಕಾಗುತ್ತದೆ. ಎರಡು ಮುಗಿದ ಮೇಲೆ ‘ಇನ್ನರ್ಧ ಹಾಕಲೇನ್ರಿ?’ ಎಂದು ಒಂದು ಸಲ ಕೇಳಿದರೆ ಸಾಕು. ಬೇಡ ಎಂದರೆ ಬೇಡ.

ನೆಂಟರು ಎದ್ದ ಮೇಲೆ ತಾಯಿಯೂ ಚಿಕ್ಕಮ್ಮನೂ ಕೂಡುತ್ತಾರೆ. ಅವರಿಗೆ ಬಿಸಿ ರೊಟ್ಟಿ ಯಾರು ಮಾಡಿಕೊಡುವುದು ಎಂಬ ಪ್ರಶ್ನೆಗೆ ಬಹಳ ಮನೆಗಳಲ್ಲಿ ಉತ್ತರವಿಲ್ಲ, ಅವರು ಆರಿದ್ದನ್ನೇ ತಿನ್ನುತ್ತಾರೆ. ಯೋಜನೆ ಎಂದ ಮೇಲೆ ಇದೂ ಅದರೊಳಗೆ ಇರಬೇಕು. ಆರು ರೊಟ್ಟಿಯ ಹಿಟ್ಟನ್ನು ತೆಗೆದಿಟ್ಟದ್ದು ಅದಕ್ಕೇ. ಮಗಳಿಗೆ ಬಡಿಯಲು ಬಾರದಿದ್ದರೆ ಇಬ್ಬರಲ್ಲಿ ಒಬ್ಬರು ಕೂತು ಉಣ್ಣಲಿ, ಇನ್ನೊಬ್ಬರು ಮಾಡಲಿ, ಆಮೇಲೆ ಅದಲುಬದಲಾಗಲಿ.

ಸಂಜೆ ಬೆಂಗಳೂರಿನ ರೈಲಿಗೆ ಹೊರಡುವವರಿಗೆ ಬುತ್ತಿ ಕಟ್ಟುವುದಾದರೆ ಖಡಕ್ ರೊಟ್ಟಿ, ಚಟ್ನಿಪುಡಿ ಎರಡೇ ಇರಲಿ. ಎಣ್ಣೆಗಾಯಿಯಲ್ಲಿ ನೀರಿನಂಶ ಇರುವುದರಿಂದ ರಾತ್ರಿಯಿಡೀ ಡಬ್ಬಿಯಲ್ಲಿ ಹಳಸುವ ಸಂಭವವಿದೆ. ಹತ್ತು ಖಡಕ್ ರೊಟ್ಟಿಯ ಅಡಿಗೊಂದು ಮೇಲೊಂದು ರಟ್ಟು ಇಟ್ಟು, ಕಾಗದ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಬೇಕು. ಚೀಲದೊಳಗೆ ಗಾಳಿ ಆಡಿದರೆ ಮಳೆಗಾಲದಲ್ಲಿ ಒಂದೇ ದಿನಕ್ಕೆ ಮೆತ್ತಗಾಗುತ್ತವೆ. ಮೆತ್ತಗಾದರೂ ಎಸೆಯಬೇಕಿಲ್ಲ ಎಂದು ಹೇಳಿಕಳಿಸಿ: ಕಾದ ತವೆಯ ಮೇಲೆ ಒಂದೊಂದು ಮಗ್ಗುಲಿಗೆ ಅರ್ಧ ನಿಮಿಷ ಇಟ್ಟು, ತಂತಿ ಜಾಳಿಗೆಯ ಮೇಲೆ ಆರಲು ಬಿಟ್ಟರೆ ಮತ್ತೆ ಗರಿಗರಿಯಾಗುತ್ತವೆ.